ಹರಳು ಜಾರಿದ ತಲೆಸುತ್ತಿಗೆ ವ್ಯಾಯಾಮ ಮಾಡಿಸಿದರೂ ಯಾಕೆ ಕಡಿಮೆಯಾಗಿಲ್ಲ?

ಪ್ರಶ್ನೆ: ನಮ್ಮಮ್ಮನಿಗೆ 62 ವರ್ಷ, ಮಂಡ್ಯದಲ್ಲಿದ್ದಾರೆ. ಮಂಚದಲ್ಲಿ ಬಲಕ್ಕೆ ಹೊರಳಿದ ಕೂಡಲೇ ಮನೆಯೇ ತಿರುಗಿದಂಗಾಗುತ್ತೆ, ಅರ್ಧ ನಿಮಿಷಕ್ಕೆ ನಿಲ್ಲುತ್ತೆ. ಬಲಗಿವಿಯ ಹರಳು ಜಾರಿದೆ ಅಂದ್ರು ಡಾಕ್ಟರು. ವಿಡಿಯೋ ನೋಡಿ ಮೂರು ದಿನ ಎಪ್ಲೆ ವ್ಯಾಯಾಮ ಮಾಡಿಸಿದೆವು, ಕಡಿಮೆ ಆಗಿಲ್ಲ. ಎಲ್ಲಿ ತಪ್ಪಿರಬಹುದು?

ಉತ್ತರ: ದಿಂಬನ್ನು ಎಲ್ಲಿ ಇಟ್ಟಿದ್ದಿರಿ ಅನ್ನೋದನ್ನ ಮೊದಲು ನೆನಪು ಮಾಡಿಕೊಳ್ಳಿ. ಮನೆಯಲ್ಲಿ ಮಾಡಿಸುವಾಗ ಆಗುವ ದೊಡ್ಡ ತಪ್ಪು ಅಲ್ಲೇ ಇರುತ್ತೆ. ವಯಸ್ಸಾದವರು ಅಂತ ತಲೆಗೆ ದಿಂಬು ಕೊಟ್ಟುಬಿಡ್ತೀವಿ. ಆದರೆ ಅದು ಇರಬೇಕಾದ್ದು ಭುಜದ ಕೆಳಗೆ. ತಲೆ ಭುಜಕ್ಕಿಂತ ಸ್ವಲ್ಪ ಕೆಳಗೆ, ಸುಮಾರು 20 ಡಿಗ್ರಿ ಹಿಂದಕ್ಕೆ ಬಾಗಿರಬೇಕು.

ಯಾಕೆ ಅಂದ್ರೆ, ಒಳಗಿವಿಯಲ್ಲಿ ಸುಣ್ಣದ ಅಂಶದ ಸಣ್ಣ ಹರಳುಗಳು ಒಂದು ಪದರದ ಮೇಲೆ ಅಂಟಿಕೊಂಡಿರ್ತವೆ. ಅವು ಕಳಚಿ, ದ್ರವ ತುಂಬಿದ ಬಾಗಿದ ನಾಳದೊಳಗೆ, ಹೆಚ್ಚಾಗಿ ಹಿಂಭಾಗದ ನಾಳಕ್ಕೆ, ಬಿದ್ದಾಗ ಈ ತೊಂದರೆ. ಬಾಗಿದ ರಬ್ಬರ್ ಪೈಪಿನಲ್ಲಿ ಸ್ವಲ್ಪ ನೀರು, ಸ್ವಲ್ಪ ಮರಳು ಇದೆ ಅಂದ್ಕೊಳ್ಳಿ. ಪೈಪು ಯಾವ ಕಡೆ ವಾಲಿದರೆ ಮರಳು ಆ ಕಡೆ ಸರಿಯುತ್ತೆ. ಹರಳು ಸರಿದಾಗ ದ್ರವವೂ ಚಲಿಸುತ್ತೆ, ತಲೆ ಸುತ್ತುತ್ತಿದೆ ಅಂತ ಮೆದುಳಿಗೆ ಸುಳ್ಳು ಸುದ್ದಿ ಹೋಗುತ್ತೆ. ಮರಳನ್ನ ಪೈಪಿನ ಬಾಯಿಯಿಂದ ಹೊರಕ್ಕೆ ಜಾರಿಸುವುದೇ ಎಪ್ಲೆ. ಮಾತ್ರೆಗಳು ವಾಕರಿಕೆ ತಗ್ಗಿಸಬಹುದು, ಹರಳನ್ನ ಜಾರಿಸಲಾರವು.

ಅಮ್ಮನವರ ಬಲಗಿವಿಗೆ ಕ್ರಮ ಹೀಗೆ. ಮಂಚದ ಮೇಲೆ ಕಾಲು ಚಾಚಿ ಕೂರಿಸಿ, ಮಲಗಿದರೆ ದಿಂಬು ಭುಜದ ಕೆಳಗೆ ಬರುವಂತೆ ಇಡಿ. ತಲೆಯನ್ನ 45 ಡಿಗ್ರಿ ಬಲಕ್ಕೆ ತಿರುಗಿಸಿ, ಹಾಗೇ ಹಿಂದಕ್ಕೆ ಮಲಗಿಸಿ. ಕೆಲವು ಸೆಕೆಂಡು ಬಿಟ್ಟು ಸುತ್ತು ಬರಬಹುದು, ಅದು ಸಹಜ. ಆಗ ಎಬ್ಬಿಸಬೇಡಿ. ಸುತ್ತು ಪೂರ್ತಿ ನಿಂತ ಮೇಲೆ ಇನ್ನೂ 30 ಸೆಕೆಂಡು ಹಾಗೇ ಇರಲಿ.

ಆಮೇಲೆ ತಲೆಯನ್ನ ಮೇಲಕ್ಕೆತ್ತದೆ, ಹಿಂದಕ್ಕೆ ಬಾಗಿದ ಸ್ಥಿತಿಯಲ್ಲೇ ನಿಧಾನವಾಗಿ 90 ಡಿಗ್ರಿ ಎಡಕ್ಕೆ ತಿರುಗಿಸಿ. ಇಲ್ಲಿಯೂ 30 ಸೆಕೆಂಡು. ಈ ಹಂತದಲ್ಲಿ ತಲೆ ಎತ್ತಿದರೆ ಹರಳು ಬಂದ ದಾರಿಯಲ್ಲೇ ವಾಪಸ್ ಜಾರುತ್ತೆ, ಮಾಡಿದ್ದೆಲ್ಲ ವ್ಯರ್ಥ.

ಮೂರನೆಯದು ಅನೇಕರು ಅರ್ಧಕ್ಕೆ ಬಿಡುವ ಹಂತ. ಬರೀ ಕುತ್ತಿಗೆ ತಿರುಗಿಸಿದರೆ ಸಾಲದು. ಇಡೀ ಮೈ ಎಡಮಗ್ಗುಲಿಗೆ ಹೊರಳಬೇಕು, ತಲೆಯೂ ಜೊತೆಗೆ ಇನ್ನೂ 90 ಡಿಗ್ರಿ ತಿರುಗಿ ಮೂಗು ನೆಲದ ಕಡೆ ನೋಡಬೇಕು. ಮತ್ತೆ 30 ಸೆಕೆಂಡು. ಕೊನೆಗೆ ಗದ್ದವನ್ನ ಎದೆಗೆ ಹತ್ತಿರ ಬಗ್ಗಿಸಿ ಎಡಗಡೆಯಿಂದ ಎಬ್ಬಿಸಿ ಕೂರಿಸಿ, ಬೀಳದಂತೆ ಹಿಡಿದುಕೊಂಡೇ ಇರಿ. ಕೆಲವು ನಿಮಿಷ ಸುಧಾರಿಸಿಕೊಂಡ ಮೇಲೆ ಎರಡು ಸಲ ಪುನಃ ಮಾಡಿಸಬಹುದು. ವಾಂತಿ ಬರುವವರಿಗೆ ಊಟವಾದ ಕೂಡಲೇ ಬೇಡ.

ಮಾರನೇ ಬೆಳಿಗ್ಗೆ ಹೊರಳಿದಾಗ ಸುತ್ತು ಇಲ್ಲದಿದ್ದರೆ ಹರಳು ನಾಳದಿಂದ ಹೊರಬಿದ್ದಿದೆ ಅಂತ ಅರ್ಥ. ಆದರೂ ಕೆಲವು ದಿನ ನಡೆಯುವಾಗ ತೇಲಿದಂತೆ ಅನಿಸಬಹುದು, ಅದನ್ನ ಸೋಲು ಅಂದ್ಕೊಂಡು ಮತ್ತೆ ಮತ್ತೆ ತಿರುಗಿಸಬೇಡಿ. ತಿಂಗಳುಗಳ ನಂತರ ಮತ್ತೆ ಬರುವುದೂ ಉಂಟು.

ಸರಿಯಾಗಿ ಮಾಡಿಸಿಯೂ ಬದಲಾವಣೆ ಇಲ್ಲ ಅಂದ್ರೆ ಕಣ್ಣನ್ನ ನೋಡಿ. ಬಲಕ್ಕೆ ಮಲಗಿಸಿದಾಗ ಕರಿಗುಡ್ಡೆ ಮೇಲಕ್ಕೆ ಮತ್ತು ಸುತ್ತುತ್ತಾ ಜಿಗಿದರೆ ಹಿಂಭಾಗದ ನಾಳ, ಎಪ್ಲೆ ಸರಿ. ಎಡಬಲ ಎರಡೂ ಕಡೆ ಹೊರಳಿದಾಗ ಜೋರು ಸುತ್ತು ಬಂದು, ಕಣ್ಣು ಅಡ್ಡಡ್ಡವಾಗಿ ಜಿಗಿದರೆ ಹರಳು ಅಡ್ಡನಾಳದಲ್ಲಿದೆ. ಅದಕ್ಕೆ ಬೇರೆಯೇ ವಿಧಾನ, ಎಪ್ಲೆ ಎಷ್ಟು ಸಲ ಮಾಡಿದರೂ ಉಪಯೋಗವಿಲ್ಲ. ಇದನ್ನ ಮನೆಯಲ್ಲಿ ಗುರುತಿಸೋದು ಕಷ್ಟ. ಕಿವಿ, ಮೂಗು, ಗಂಟಲು ವೈದ್ಯರಿಗೆ, ಅಥವಾ ತಲೆಸುತ್ತಿನ ಪರೀಕ್ಷೆ ಗೊತ್ತಿರುವ ಆಡಿಯಾಲಜಿಸ್ಟ್‌ಗೆ ತೋರಿಸಿ. ಮೈಸೂರಿಗೆ ಬಸ್ಸಿನಲ್ಲಿ ಬರುವುದಾದರೆ ಅವರೊಬ್ಬರೇ ಹೊರಡಬಾರದು.

ಕುತ್ತಿಗೆ ಮೂಳೆ ಸವೆದು ಕೈ ಜೋಮು ಹಿಡಿಯುತ್ತಿದ್ದರೆ, ಅಥವಾ ರೆಟಿನಾ ಕಳಚಿದ ಹಿನ್ನೆಲೆ ಇದ್ದರೆ ಮನೆಯಲ್ಲಿ ಮಾಡಿಸಬೇಡಿ. ಸುತ್ತು ಗಂಟೆಗಟ್ಟಲೆ ನಿಲ್ಲದಿದ್ದರೆ, ಮಾತು ತೊದಲಿದರೆ, ಎರಡೆರಡು ಕಂಡರೆ, ಒಂದು ಕೈಕಾಲು ಬಲಹೀನವಾದರೆ ಅಥವಾ ನಿಲ್ಲಲೇ ಆಗದಿದ್ದರೆ ಅದನ್ನ ಹರಳಿನ ಲೆಕ್ಕಕ್ಕೆ ಸೇರಿಸಬೇಡಿ. ತಡಮಾಡದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.