ಸಹಿ ಅಪ್‌ಲೋಡ್ ಆಗದಿದ್ರೆ ಆ್ಯಪ್ ಹುಡುಕಬೇಡಿ

ಪ್ರಶ್ನೆ: ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹಾಕ್ತಿದ್ದೇನೆ. ಸಹಿಯನ್ನ 140×60 ಪಿಕ್ಸೆಲ್‌ಗೆ ಇಳಿಸಿದ್ರೆ 4 ಕೆಬಿ ಆಗುತ್ತೆ, 10ಕ್ಕಿಂತ ಕಡಿಮೆ ಅಂತ ತಗೊಳ್ತಿಲ್ಲ. ಕೆಬಿ ಜಾಸ್ತಿ ಮಾಡೋಕೆ ಒಳ್ಳೆ ಆ್ಯಪ್ ಯಾವುದು?

ಆ್ಯಪ್ ಬಿಡಿ. ನಾನೂ ಹೀಗೇ ಆ್ಯಪ್ ಹುಡುಕಿ ಒಂದು ವರ್ಷ ಕಳೆದುಕೊಂಡವನು.

ಶಿರಸಿ ಹತ್ತಿರದ ಹಳ್ಳಿ ನಮ್ಮದು. ಮಳೆಗಾಲ, ಸಂಜೆಯಿಂದ ಕರೆಂಟಿಲ್ಲ, ಮರುದಿನ ಕೊನೆಯ ದಿನ. ಎ4 ಹಾಳೆಯ ನಡುವೆ ಸಹಿ ಹಾಕಿ, ಚಾರ್ಜರ್ ಲೈಟಿನ ಬೆಳಕಲ್ಲಿ ಇಡೀ ಹಾಳೆಯ ಫೋಟೋ ತೆಗೆದೆ. ಆ್ಯಪಿಗೆ ಹಾಕಿ 140×60 ಅಂದೆ, ಕೆಬಿ ಏರಿಸಿದೆ. ಅಪ್‌ಲೋಡ್ ಆಯ್ತು! ಖುಷಿಯಲ್ಲಿ ಮಲಗಿದೆ.

ತಿಂಗಳಾದ ಮೇಲೆ ಅರ್ಜಿ ತಿರಸ್ಕಾರ. ಪೇಟೆಯಲ್ಲಿ ಪ್ರಿಂಟ್ ತೆಗೆಸಿದೆ. ಅಂಗಡಿಯಣ್ಣ ಕನ್ನಡಕ ಏರಿಸಿ ನೋಡಿ, "ತಮಾ, ಇದು ಸಹಿನಾ, ಇರುವೆನಾ?" ಅಂದ.

ಆಗಿದ್ದಿಷ್ಟೇ. ಎ4 ಹಾಳೆ ಸುಮಾರು 30 ಸೆಂಟಿಮೀಟರ್ ಎತ್ತರ, ನನ್ನ ಸಹಿ ಒಂದೂವರೆ. ಅಂದ್ರೆ ಇಪ್ಪತ್ತರಲ್ಲಿ ಒಂದು ಪಾಲು. ಇಡೀ ಹಾಳೆಯನ್ನ 60 ಪಿಕ್ಸೆಲ್ ಎತ್ತರಕ್ಕೆ ಅಮುಕಿದಾಗ ಸಹಿಗೆ ಉಳಿದದ್ದು ಬರೀ 3 ಪಿಕ್ಸೆಲ್. ಮೂರು ಚುಕ್ಕಿ ಎತ್ತರದಲ್ಲಿ ಯಾರ ಹೆಸರು ಓದೋಕಾಗುತ್ತೆ? ವೆಬ್‌ಸೈಟ್ ನೋಡಿದ್ದು ಫೈಲ್ jpg ಹೌದಾ, ಕೆಬಿ ಸರಿ ಇದೆಯಾ ಅಂತ ಮಾತ್ರ. ಸಹಿ ಓದುವ ಮನುಷ್ಯ ಆಮೇಲೆ ಬರ್ತಾನೆ. ಅವನ ಹತ್ರ ಕೆಬಿ ಲೆಕ್ಕ ನಡೆಯಲ್ಲ.

ಹಾಗಾಗಿ ಈಗಿರೋ 4 ಕೆಬಿ ಫೈಲನ್ನ ಉಬ್ಬಿಸಬೇಡಿ. ಕೆಬಿ ಏರುತ್ತೆ, ಹೋದ ಗೆರೆ ವಾಪಸ್ ಬರಲ್ಲ. ಮೊದಲಿಂದ ಮಾಡಿ. ಬಿಳಿ ಹಾಳೆ, ಕಪ್ಪು ಇಂಕು. ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆದ ಸಹಿ ಬ್ಯಾಂಕ್ ಪರೀಕ್ಷೆ ನಡೆಸೋ ಐಬಿಪಿಎಸ್ ಅರ್ಜಿಯಲ್ಲಿ ನಡೆಯಲ್ಲ. ಹಗಲು ಜಗಲಿಯಲ್ಲಿ ಕೂತು ಫೋಟೋ ತೆಗೆಯಿರಿ, ಫೋನಿನ ನೆರಳು ಹಾಳೆ ಮೇಲೆ ಬೀಳದ ಹಾಗೆ. ಆಮೇಲೆ ಸಹಿಯ ಸುತ್ತ ಮಾತ್ರ ಕ್ರಾಪ್ ಮಾಡಿ, 7ಕ್ಕೆ 3ರ ಅಳತೆಯಲ್ಲಿ. 140×60 ಅಂದ್ರೂ ಅದೇ ಅಳತೆ. ಕ್ರಾಪ್ ಮೊದಲು, ರಿಸೈಜ್ ಆಮೇಲೆ. ನಾನು ಎಡವಿದ್ದೇ ಇಲ್ಲಿ.

ಇನ್ನು ನಿಮ್ಮ 10 ಕೆಬಿ. ಅಷ್ಟು ಪುಟ್ಟ ಬಿಳಿ ಚಿತ್ರದಲ್ಲಿ ತುಂಬೋಕೆ ಏನೂ ಇರಲ್ಲ, ಅದಕ್ಕೇ 4 ಬರೋದು. ಐಬಿಪಿಎಸ್ ಸೂಚನೆಯಲ್ಲಿ 140×60 ಅನ್ನೋದು 'preferred', ಅಂದ್ರೆ ಇದ್ರೆ ಒಳ್ಳೇದು ಅಂತ. 10ರಿಂದ 20 ಕೆಬಿ ಮಾತ್ರ ಕಡ್ಡಾಯ ಅಂದುಕೊಳ್ಳಿ. 280×120 ಮಾಡಿ, ಕ್ವಾಲಿಟಿ 100ಕ್ಕೆ ಇಟ್ಟು ಸೇವ್ ಮಾಡಿ. ಇನ್ನೂ ಕಡಿಮೆ ಬಂದ್ರೆ 350×150. ಪಿಕ್ಸೆಲ್ ಲೆಕ್ಕ ಇಷ್ಟೇ ಇರಬೇಕು ಅಂತ ಹಟ ಹಿಡಿಯೋ ಬೇರೆ ಪೋರ್ಟಲ್ ಆದ್ರೆ ಕ್ವಾಲಿಟಿ ಏರಿಸೋದೊಂದೇ ದಾರಿ.

ಮುಖದ ಫೋಟೋಗೆ 20ರಿಂದ 50 ಕೆಬಿ, 200×230. ಹಿನ್ನೆಲೆ ತಿಳಿ ಬಣ್ಣ, ಬಿಳಿಯಾದ್ರೆ ಉತ್ತಮ. ಗೋಡೆಗೆ ಒರಗದೆ ಎರಡು ಹೆಜ್ಜೆ ಮುಂದೆ ನಿಲ್ಲಿ, ಹಿಂದೆ ನೆರಳು ಬೀಳಲ್ಲ.

ಕಳಿಸೋ ಮೊದಲು ಪ್ರಿವ್ಯೂನಲ್ಲಿರೋ ಸಹಿಯನ್ನ ಮನೆಯಲ್ಲಿ ಯಾರಿಗಾದ್ರೂ ತೋರಿಸಿ ಓದೋಕೆ ಹೇಳಿ. ನಮ್ಮ ಆಯಿ ಈಗಲೂ ಆ ಹಳೇ ಪ್ರಿಂಟ್ ಕಂಡ್ರೆ ಇರುವೆ ಪುಡಿ ತರ್ಲಾ ಅಂತಾಳೆ.