ಒಂದೇ ಮನೆ, ಎರಡು ವಯಸ್ಸು: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗಬಾರದೆಂದು ಈ ಪ್ರಕರಣದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಲಬುರಗಿಯಲ್ಲಿ ಹೊಲಿಗೆ ಅಂಗಡಿ ನಡೆಸುವ 31 ವರ್ಷದ ಮಹಿಳೆಯೊಬ್ಬರು ತಮ್ಮ 19 ವರ್ಷದ ತಮ್ಮನ ವಿಷಯವಾಗಿ ನನ್ನ ಬಳಿ ಬಂದಿದ್ದರು. ದ್ವಿತೀಯ ಪಿಯುಸಿಯಲ್ಲಿ ನಪಾಸಾಗಿದ್ದ ಆತ ಯಾವ ಕೆಲಸಕ್ಕೂ ನಿಲ್ಲುತ್ತಿರಲಿಲ್ಲ, ಸಣ್ಣ ಮಾತಿಗೂ ಸಿಟ್ಟಾಗಿ ಕೋಣೆ ಸೇರುತ್ತಿದ್ದ. "ಒಂದೇ ಮನಿ, ಒಂದೇ ಕಷ್ಟರಿ ಮೇಡಂ. ನಾ ನಿಂತೀನಿ, ಅವಗ ಯಾಕ ಆಗವಲ್ದು?" ಎಂದು ಅವರು ಕೇಳಿದರು.

ಅವರು ಹೇಳಿದ ಕಷ್ಟ 14 ವರ್ಷಗಳ ಹಿಂದಿನದು. ಶಹಾಬಾದ್ ಕಡೆಯ ಹಾಸುಗಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದ ತಂದೆಯ ಕಾಲಿನ ಮೇಲೆ ಕಲ್ಲು ಜಾರಿ ಬಿದ್ದು, ಮನೆಯ ಆದಾಯ ಒಂದೇ ದಿನದಲ್ಲಿ ನಿಂತುಹೋಗಿತ್ತು. ನಾನು ಒಂದು ಹಾಳೆಯ ಮೇಲ್ಭಾಗದಲ್ಲಿ ಇಸವಿಗಳನ್ನು ಬರೆದು, ಕೆಳಗೆ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಸಾಲು ಎಳೆದು, ಆ ವರ್ಷ ಯಾರಿಗೆ ಎಷ್ಟು ವಯಸ್ಸು, ಯಾರು ಎಲ್ಲಿದ್ದರು ಎಂದು ತುಂಬಿಸಲು ಹೇಳಿದೆ. ಅವರು ತಮ್ಮದೇ ಸಾಲಿನಲ್ಲಿ 17 ಎಂದು ಬರೆದರು. ತಮ್ಮನ ಸಾಲಿಗೆ ಬಂದು 5 ಎಂದು ಬರೆದವರು ಪೆನ್ನು ಹಾಳೆಯಿಂದ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ನಂತರ, ತಂದೆಯ ಚಿಕಿತ್ಸೆಗೆಂದು ಅವ್ವ ಸೊಲ್ಲಾಪುರದಲ್ಲೇ ಉಳಿಯಬೇಕಾಗಿ ಬಂದು, ತಮ್ಮನನ್ನು ಒಂದೂವರೆ ವರ್ಷ ಚಿಂಚೋಳಿ ಕಡೆಯ ಸೋದರಮಾವನ ಮನೆಯಲ್ಲಿ ಬಿಟ್ಟಿದ್ದ ಸಂಗತಿಯನ್ನು ಹೇಳಿದರು. ಅದಕ್ಕೂ ಮೊದಲಿನ ಎರಡು ಭೇಟಿಗಳಲ್ಲಿ ಆ ಮಾತು ಬಂದೇ ಇರಲಿಲ್ಲ.

ಇಂಥ ಹಾಳೆಯ ಹಿಂದಿರುವುದು ಜೀವನಪಥ ದೃಷ್ಟಿಕೋನ, ಅಂದರೆ ಒಂದೇ ಘಟನೆಯ ಪರಿಣಾಮ ಅದು ಯಾವ ವಯಸ್ಸಿನಲ್ಲಿ ಎದುರಾಯಿತು ಎಂಬುದರ ಮೇಲೆ ಬದಲಾಗುತ್ತದೆ ಎಂದು ನೋಡುವ ಬಗೆ. ಅಮೆರಿಕದ ಸಮಾಜಶಾಸ್ತ್ರಜ್ಞ ಗ್ಲೆನ್ ಎಲ್ಡರ್ ಅವರು 1929ರಲ್ಲಿ ಆರಂಭವಾದ ಆರ್ಥಿಕ ಮಹಾಕುಸಿತವನ್ನು ಕಂಡ ಕ್ಯಾಲಿಫೋರ್ನಿಯಾದ ಮಕ್ಕಳ ಎರಡು ಗುಂಪುಗಳನ್ನು ಹೋಲಿಸಿದರು. ಓಕ್ಲೆಂಡ್‌ನ ಮಕ್ಕಳು 1920–21ರಲ್ಲಿ ಹುಟ್ಟಿದವರು, ಬರ್ಕ್ಲಿಯವರು 1928–29ರಲ್ಲಿ ಹುಟ್ಟಿದವರು. ಕಷ್ಟ ಬಂದಾಗ ದೊಡ್ಡ ಹುಡುಗರು ಹೊರಗೆ ಒಂದಿಷ್ಟು ದುಡಿದರು, ಹುಡುಗಿಯರು ಮನೆಗೆಲಸ ಹೊತ್ತರು, ಹೀಗಾಗಿ ತಾವು ಮನೆಗೆ ಬೇಕಾದವರು ಎಂಬ ಅರಿವು ಅವರಿಗೆ ಬಂತು. ಆದಾಯ ಕಳೆದುಕೊಂಡ ಮನೆಗಳ ಪುಟ್ಟ ಮಕ್ಕಳಿಗೆ, ಅದರಲ್ಲೂ ಗಂಡುಮಕ್ಕಳಿಗೆ, ಕಂಡದ್ದು ಕುಗ್ಗಿದ ಅಪ್ಪ ಮತ್ತು ಮನೆಯೊಳಗಿನ ಒತ್ತಡ ಮಾತ್ರ, ಮುಂದೆ ಹದಿಹರೆಯದಲ್ಲಿ ಅವರ ಆತ್ಮವಿಶ್ವಾಸವೂ ಓದೂ ಹೆಚ್ಚು ಸೊರಗಿದ್ದವು. ತಾಯಿಗೆ ಇನ್ನಷ್ಟು ಹತ್ತಿರವಾದ ಪುಟ್ಟ ಹುಡುಗಿಯರಿಗೆ ಅಷ್ಟು ಪೆಟ್ಟು ಬೀಳಲಿಲ್ಲ. ಅಂದರೆ ಹಣದ ಕೊರತೆಯು ಮಗುವನ್ನು ನೇರವಾಗಿ ತಟ್ಟುವುದಕ್ಕಿಂತ ಹೆಚ್ಚಾಗಿ ಅಪ್ಪ ಅವ್ವಂದಿರ ಮೂಲಕ ತಟ್ಟುತ್ತದೆ. ಇದನ್ನೇ ಬೆಸೆದ ಬದುಕುಗಳು ಎನ್ನುತ್ತಾರೆ.

ಈ ಮನೆಯಲ್ಲೂ ಅಕ್ಕನಿಗೆ 17ರಲ್ಲಿ ಕಾರಣ ತಿಳಿದಿತ್ತು, ಕೈಗೆ ಹೊಲಿಗೆ ಯಂತ್ರ ಸಿಕ್ಕಿತು, ತಂದ ಹಣಕ್ಕೆ ಬೆಲೆಯೂ ಇತ್ತು. ಐದರ ಹುಡುಗನಿಗೆ ಗಣಿಯೂ ಗೊತ್ತಿಲ್ಲ, ಸಾಲವೂ ಗೊತ್ತಿಲ್ಲ. ಅವ್ವ ಬಿಟ್ಟುಹೋದಳು ಎಂಬುದಷ್ಟೇ ಗೊತ್ತು. ಹಾಗೆಂದು ಇದು ಹಣೆಬರಹವಲ್ಲ ಎಂದು ಅವರಿಗೆ ಒತ್ತಿ ಹೇಳಿದೆ. ಎಲ್ಡರ್ ಕಂಡ ಆ ಹುಡುಗರಲ್ಲೂ ಅನೇಕರು ಮುಂದೆ ಸೈನ್ಯ ಸೇರಿ, ಮನೆಯಿಂದ ದೂರವಾಗಿ, ಚೇತರಿಸಿಕೊಂಡಿದ್ದರು. ಅಕ್ಕ ತೆತ್ತ ಬೆಲೆಯೂ ಚಿಕ್ಕದಲ್ಲ: ಪಿಯುಸಿ ಬಿಟ್ಟ ವರ್ಷ ಅವರಿಗೆ ಮರಳಿ ಸಿಗಲಿಲ್ಲ, ಮನೆಯ ಹಿರಿಯರ ಪಾತ್ರ ಹತ್ತು ವರ್ಷ ಮೊದಲೇ ಹೆಗಲೇರಿತು. ಅವರ ಸಿಟ್ಟಿನ ಅರ್ಧ ಭಾಗ ಆ ದುಃಖವೇ ಎಂದು ನನಗನಿಸಿತು, ಹಾಗೆಂದು ಅವರಿಗೇ ಹೇಳಿದೆ.

ನಾನು ಕೊಟ್ಟ ಮೊದಲ ಸಲಹೆ, "ನಾ ನಿನ್ನ ವಯಸ್ಸಿನಾಗ" ಎಂಬ ಮಾತನ್ನು ಮನೆಯಲ್ಲಿ ನಿಲ್ಲಿಸುವುದು ಮತ್ತು ಆ ಒಂದೂವರೆ ವರ್ಷ ಏನಾಯಿತೆಂದು ಅವ್ವನೇ ಮಗನಿಗೆ ಕೂತು ಹೇಳುವುದು. ಎರಡನೆಯದು ದಿನಾಂಕಕ್ಕೆ ಸಂಬಂಧಿಸಿದ್ದು. ತಂದೆಯ ಸವೆದ ಮಂಡಿಯ ಶಸ್ತ್ರಚಿಕಿತ್ಸೆಯನ್ನು ಮಾರ್ಚ್‌ನಲ್ಲಿ ಮಾಡಿಸಿ, ಆಸ್ಪತ್ರೆಯಲ್ಲಿ ತಮ್ಮನನ್ನು ಜೊತೆಗಿರಿಸಲು ಮನೆಯವರು ಯೋಚಿಸಿದ್ದರು, ಆತ ಮತ್ತೆ ಪರೀಕ್ಷೆಗೆ ಕೂರಬೇಕಾದದ್ದೂ ಆ ತಿಂಗಳಲ್ಲೇ. ತುರ್ತಿಲ್ಲವಾದರೆ ಕೆಲವು ವಾರ ಮುಂದೂಡಬಹುದೇ ಎಂದು ವೈದ್ಯರನ್ನು ಕೇಳಲು ಹೇಳಿದೆ. ವೈದ್ಯರು ಒಪ್ಪಿದರು. ಪರೀಕ್ಷೆಯ ನಂತರ ಆಸ್ಪತ್ರೆಯ ಹೊಣೆಯನ್ನು ಹುಡುಗನಿಗೇ, ಕಾರಣವನ್ನೂ ಖರ್ಚಿನ ಲೆಕ್ಕವನ್ನೂ ತಿಳಿಸಿ, ಪೂರ್ತಿಯಾಗಿ ಒಪ್ಪಿಸಲು ಸೂಚಿಸಿದೆ. ಅಕ್ಕನಿಗೆ, ವಯಸ್ಸಿನ ಮೇಲ್ಮಿತಿಯಿಲ್ಲದ ರಾಷ್ಟ್ರೀಯ ಮುಕ್ತ ಶಾಲೆಯ ಪಿಯುಸಿ ಸಮಾನ ಪರೀಕ್ಷೆಯ ವಿವರ ಕೊಟ್ಟೆ.

ಆತ ಎರಡು ವಿಷಯಗಳಲ್ಲಿ ಪಾಸಾದ, ಒಂದು ಉಳಿದಿದೆ. ಆಸ್ಪತ್ರೆಯಲ್ಲಿ ಒಂಬತ್ತು ದಿನ ತಂದೆಯ ಜೊತೆಗಿದ್ದ. ಅಕ್ಕ ಅರ್ಜಿಯನ್ನು ಇನ್ನೂ ತುಂಬಿಲ್ಲ. ಮದುವೆ ಸೀಸನ್ನಿನ ಹೊಲಿಗೆ ಮುಗಿದ ಮೇಲೆ ನೋಡುವುದಾಗಿ ಹೇಳಿದ್ದಾರೆ.