ಹುಡುಗರ ಬಾಯಲ್ಲಿ ಬರುವ, ಗಿರಾಕಿಯ ತಾಟಿನಲ್ಲಿ ಕಾಣುವ ಮೂರು ಸಾಲು

*ಪ್ರಶ್ನೆ: ಬೀದರ್‌ನಲ್ಲಿ ನಮ್ಮದು ಎರಡು ಬೇಕರಿ ಇವೆ, 14 ಜನ ಕೆಲಸಕ್ಕಿದ್ದಾರೆ. ಒಬ್ಬರಿಗೆ ದುಡ್ಡು ಕೊಟ್ಟು ಬ್ರ್ಯಾಂಡ್ ಮ್ಯಾನಿಫೆಸ್ಟೋ, ಅಂದರೆ ನಮ್ಮ ಅಂಗಡಿ ಗಿರಾಕಿಗೆ ಕೊಡುವ ಮಾತು, ಬರೆಸಿ ಗೋಡೆಗೆ ಹಾಕಿದೆವು. ಒಬ್ಬನಿಗೂ ನೆನಪಿಲ್ಲ, ಗಿರಾಕಿಗಳಂತೂ ಓದುವುದೇ ಇಲ್ಲ. ಹುಡುಗರು ಬಾಯಿಪಾಠ ಹೇಳುವ ಹಾಗೆ, ಗಿರಾಕಿಗೂ ಗೊತ್ತಾಗುವ ಹಾಗೆ ಬರೆಯುವುದು ಹೇಗೆ?*

ಮೊದಲು ಆ ಬೋರ್ಡಿನ ಒಂದೊಂದೇ ಸಾಲು ತೋರಿಸಿ, ಕೌಂಟರ್ ಹುಡುಗನಿಗೆ "ಇದನ್ನು ಮಾಡಿ ತೋರಿಸು" ಅನ್ನಿ. ಮಾಡಿ ತೋರಿಸಲು ಬಾರದ ಸಾಲನ್ನು ಅಲ್ಲೇ ಹೊಡೆದು ಹಾಕಿ.

ಈ ಉಪಾಯ ನನಗೆ ಹೊಳೆದದ್ದು ನಮ್ಮ ಕಾಕಾನ ಖಾನಾವಳಿಯಲ್ಲಿ. ಕಲಬುರಗಿಯಲ್ಲಿ ಅವರದು ಎರಡು ಕಡೆ ಇದೆ. ಒಂದು ಬಸ್ ಸ್ಟ್ಯಾಂಡ್ ಹತ್ತಿರ, ಇನ್ನೊಂದು ಜೇವರ್ಗಿ ರೋಡಿನಲ್ಲಿ. ಅಲ್ಲಿನ ಲೆಕ್ಕಪತ್ರ, ಬೋರ್ಡು, ಜಾಹೀರಾತು ನಾನು ನೋಡಿಕೊಳ್ಳುತ್ತೇನೆ. ನಾವೂ ನಿಮ್ಮ ಹಾಗೆಯೇ ಬರೆಸಿದ್ದೆವು. "ಪರಂಪರೆಯ ಸವಿ, ಪ್ರತಿ ತುತ್ತಿನಲ್ಲೂ ಆತ್ಮೀಯತೆ" ಅಂತ ಶುರುವಾಗಿ ಹನ್ನೆರಡು ಸಾಲು. ಚಿತ್ತಾಪುರ ಕಡೆಯ ಹುಡುಗನೊಬ್ಬ ತಾಟು ಇಡುತ್ತಿದ್ದ. ಅವನನ್ನು ಕರೆದು "ಆತ್ಮೀಯತೆ ಮಾಡಿ ತೋರ್ಸಪಾ" ಅಂದೆ. ಪಾಪ, ಎರಡೂ ಕೈ ಜೋಡಿಸಿ ನಿಂತ. ಆಮೇಲೆ ಮೆಲ್ಲಗೆ "ಹಂಗಂದ್ರ ಏನ್ರೀ ಅಣ್ಣಾ?" ಅಂದ. ಅವನ ತಪ್ಪೇನೂ ಇರಲಿಲ್ಲ. ಆ ಸಾಲಿನಲ್ಲಿ ಕೈಗೆ ಕೆಲಸವೇ ಇರಲಿಲ್ಲ.

ಹೊಸದು ಬರೆಯಲು ನಾನು ಪೆನ್ನು ಹಿಡಿಯಲಿಲ್ಲ, ಗಲ್ಲಾದ ಪಕ್ಕ ಒಂದು ನೋಟ್‌ಬುಕ್ ಇಟ್ಟೆ. ಎರಡು ವಾರ ಗಿರಾಕಿಗಳು ಗೊಣಗಿದ್ದನ್ನೆಲ್ಲ ಅವರದೇ ಮಾತಿನಲ್ಲಿ ಬರೆದುಕೊಂಡೆವು. ಹೊಗಳಿದ್ದು ಬೇಡ ಅಂದಿದ್ದೆ. ಹೊಗಳಿಕೆ ಎಲ್ಲಾ ಖಾನಾವಳಿಯಲ್ಲೂ ಒಂದೇ ಥರ ಇರುತ್ತದೆ, ಅಲ್ವಾ? ಗೊಣಗಾಟದಲ್ಲಿ ಮೂರೇ ಮಾತು ಮತ್ತೆ ಮತ್ತೆ ಬಂದವು. ರೊಟ್ಟಿ ಆರಿದೆ. ಎಣ್ಣೆಗಾಯಿ ಮುಗಿದಿದ್ದು ಕೂತ ಮೇಲೆ ಹೇಳಿದಿರಿ. ಬೇರೆ ಕೊಡು ಅಂದರೆ ಹುಡುಗ ವಾದ ಮಾಡುತ್ತಾನೆ.

ಕಾಕಾನಿಗೆ ತಕ್ಷಣ ಉತ್ಸಾಹ ಬಂತು. "ಬರಿ, ಪ್ರತಿ ರೊಟ್ಟಿ ಬಿಸಿ!" ಅಂದರು. ಬರೆಯುವ ಮುಂಚೆ ಲೆಕ್ಕ ಹಾಕೋಣ ಅಂದೆ. ನೀವೂ ಇಲ್ಲೇ ಸ್ವಲ್ಪ ನಿಲ್ಲಿ. ಹೆಚ್ಚಿನ ಮ್ಯಾನಿಫೆಸ್ಟೋ ಸಾಯುವುದು ಇಲ್ಲಿಯೇ.

ಬಸ್ ಸ್ಟ್ಯಾಂಡ್ ಕಡೆಯದರಲ್ಲಿ ಮೂರು ಹಂಚು ಇವೆ. ರೊಟ್ಟಿ ಬಡಿಯುವ ಅಕ್ಕಂದಿರು ಮೂವರು. ಒಬ್ಬೊಬ್ಬರು ಗಂಟೆಗೆ ಸುಮಾರು 40 ರೊಟ್ಟಿ ತೆಗೆಯುತ್ತಾರೆ. ಮಧ್ಯಾಹ್ನ ಒಂದರಿಂದ ಎರಡೂವರೆವರೆಗೆ ರಶ್. ಅಷ್ಟರಲ್ಲಿ 180 ರೊಟ್ಟಿ ಆಗುತ್ತವೆ. ಅದೇ ಹೊತ್ತಿನಲ್ಲಿ ಬರುವವರು 90 ಜನ, ತಲೆಗೆ ಮೂರು ರೊಟ್ಟಿ ಅಂದರೂ 270 ಬೇಕು. ಅಂದರೆ ದಿನಾ 90 ರೊಟ್ಟಿ ಮುಂಚೆಯೇ ಬಡಿದಿಟ್ಟದ್ದೇ ಆಗಿರುತ್ತವೆ. "ಪ್ರತಿ ರೊಟ್ಟಿ ಬಿಸಿ" ಅಂತ ಬರೆದಿದ್ದರೆ ಮಧ್ಯಾಹ್ನ ಒಂದೂಕಾಲಿಗೇ ನಮ್ಮ ಮಾತು ಸುಳ್ಳಾಗುತ್ತಿತ್ತು. ಅದನ್ನು ಸುಳ್ಳು ಅಂತ ಮೊದಲು ತಿಳಿಯುವವನು ಗಿರಾಕಿಯಲ್ಲ, ತಾಟು ಇಡುವ ಹುಡುಗ. ಒಂದು ಸಾಲು ಸುಳ್ಳು ಅಂತ ಅವನಿಗೆ ಗೊತ್ತಾದರೆ ಉಳಿದದ್ದನ್ನೂ ಅವನು ನಂಬುವುದಿಲ್ಲ.

ಇನ್ನೊಂದು ಮಾತು. ಈ 40 ರೊಟ್ಟಿಯ ಲೆಕ್ಕ ಡಿಸೆಂಬರಿನದು. ನಮ್ಮ ಮೇ ತಿಂಗಳ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಆ ಸೆಕೆಯಲ್ಲಿ ಒಲೆ ಮುಂದೆ ಕೂತವರಿಗೆ ನಡುನಡುವೆ ಎದ್ದು ನೀರು ಕುಡಿಯಬೇಕು, ಗಾಳಿಗೆ ಕೂಡಬೇಕು. ಗಂಟೆಗೆ 30 ಆದರೆ ದೊಡ್ಡದು. ಮೂವರು ಸೇರಿ ಒಂದೂವರೆ ಗಂಟೆಗೆ 135. ಹಾಗಾಗಿ ಮೇ ತಿಂಗಳ ಲೆಕ್ಕವನ್ನೇ ಹಿಡಿದೆವು. 90 ಜನರಿಗೆ ತಲಾ ಒಂದು ಬಿಸಿ ರೊಟ್ಟಿ ಮೇ ತಿಂಗಳಲ್ಲೂ ಸಾಧ್ಯ. ಹಾಗಾಗಿ ಸಾಲು ಹೀಗಾಯಿತು: "ಮೊದಲ ರೊಟ್ಟಿ ಹಂಚಿನಿಂದ ತಾಟಿಗೆ."

ಉಳಿದ ಎರಡು ಸಾಲು ಹುಡುಗರೇ ಹೇಳಿದರು. ನಾನು "ಲಭ್ಯವಿಲ್ಲದ ಪದಾರ್ಥಗಳನ್ನು ಮುಂಚಿತವಾಗಿ ತಿಳಿಸುತ್ತೇವೆ" ಅಂತ ಬರೆದಿದ್ದೆ. ಓದಿ ಅಂದರೆ ಯಾರಿಗೂ ಒಂದೇ ಉಸಿರಿಗೆ ಬರಲಿಲ್ಲ. ಒಬ್ಬ "ಮುಗದದ್ದು ಮೊದ್ಲೇ ಹೇಳ್ತೀವಿ ಅನ್ರಿ ಸಾಕು" ಅಂದ. ಅದನ್ನೇ ಇಟ್ಟೆವು. ಮೂರನೆಯದು "ಬ್ಯಾರೆ ಬೇಕಂದ್ರ ಬ್ಯಾರೆ, ಯಾಕಂತ ಕೇಳಂಗಿಲ್ಲ." ಮನೆಯಲ್ಲಿ ದಖನಿ ಮಾತಾಡುವ ಇಬ್ಬರು ಎರಡನೇ ಸಾಲನ್ನು "ಖತಮ್ ಹುವಾ ತೋ ಪೈಲೇಚ್ ಬೋಲ್ತೇ" ಅಂತ ಮಾಡಿಕೊಂಡರು. ಕಾಕಾ ಎಲ್ಲರೂ ಒಂದೇ ಥರ ಹೇಳಲಿ ಅಂದರು. ನಾನು ಬೇಡ ಅಂದೆ. ಅವರವರ ಮಾತಿಗೆ ತಿರುಗಿದ ಮೇಲೆಯೇ ಅದು ಅವರ ಬಾಯಲ್ಲಿ ಉಳಿದದ್ದು. ಕೆಲಸ ಬದಲಾಗದಿದ್ದರೆ ಸಾಕು, ಪದ ಬದಲಾದರೆ ನಷ್ಟವಿಲ್ಲ. ಮೂರೇ ಸಾಲು ಸಾಕಾ ಅಂತ ನಿಮಗೆ ಅನ್ನಿಸಬಹುದು. ನಾಲ್ಕನೆಯದು ಸೇರಿಸಿ ನೋಡಿದೆವು, ರಶ್ಶಿನಲ್ಲಿ ಕೇಳಿದರೆ ಯಾವಾಗಲೂ ಅದನ್ನೇ ಮರೆಯುತ್ತಿದ್ದರು.

ಇಷ್ಟಾದರೂ ಮೊದಲ ತಿಂಗಳು ಮೂರನೇ ಸಾಲು ಬರೀ ಬಾಯಲ್ಲಿತ್ತು. ಬೆಳಿಗ್ಗೆ ಎಲ್ಲರೂ ಪಟಪಟ ಹೇಳುತ್ತಿದ್ದರು. ವಾಪಸ್ ಬಂದ ರೊಟ್ಟಿ ಬರೆಯಲು ಬೇರೆ ಪುಟ ಮಾಡಿದ್ದೆ. ಜೇವರ್ಗಿ ರೋಡಿನ ಪುಟದಲ್ಲಿ ಎರಡು ವಾರ ಸೊನ್ನೆ. ಕಾಕಾ ಖುಷಿಪಟ್ಟರು, ನನಗೆ ಅನುಮಾನ ಬಂತು. ದಿನಕ್ಕೆ ನೂರಾರು ರೊಟ್ಟಿ ಹೋಗುವಲ್ಲಿ ಒಂದೂ ವಾಪಸ್ ಬರಲಿಲ್ಲ ಅಂದರೆ ಯಾರೋ ಮುಚ್ಚಿಡುತ್ತಿದ್ದಾರೆ ಅಂತಲೇ ಅರ್ಥ. ನನ್ನ ತಂಗಿಯ ಗಂಡನನ್ನು ಗಿರಾಕಿ ಥರ ಕಳಿಸಿದೆ. ಒಂದೂವರೆಗೆ ಹೋಗಿ, ಎರಡನೇ ರೊಟ್ಟಿ ಅರ್ಧ ತಿಂದು, "ಆರ್ಯಾದ" ಅನ್ನು ಅಂದೆ. ಅವನು ಅಂದ. ಹುಡುಗ ತಾಟು ನೋಡಿದ, ಗಲ್ಲಾದ ಕಡೆ ನೋಡಿದ, "ಈಗಷ್ಟೇ ಬಡಿದದ್ರೀ" ಅಂತ ಹೋದ.

ಗಲ್ಲಾದ ಕಡೆ ಯಾಕೆ ನೋಡಿದ? ವಿಚಾರಿಸಿದೆ. ಅಲ್ಲಿ ಕೂರುವವರು ಬದಲಿಸಿದ ರೊಟ್ಟಿಯನ್ನು ಹುಡುಗನ ಹೆಸರಿಗೆ ಬರೆದು ಸಂಬಳದಲ್ಲಿ ಹಿಡಿಯುತ್ತಿದ್ದರು. ಅದು ಹಳೇ ಪದ್ಧತಿ. ನಮ್ಮ ಹೊಸ ಸಾಲಿಗೂ ಈ ಹಳೇ ಪದ್ಧತಿಗೂ ಜಗಳ, ನಡುವೆ ಹುಡುಗ. ಗೆದ್ದದ್ದು ಸಂಬಳ. ಯಾರೇ ಆದರೂ ಅದನ್ನೇ ಗೆಲ್ಲಿಸುತ್ತಾರೆ.

ಅವತ್ತೇ ಆ ಪದ್ಧತಿ ನಿಲ್ಲಿಸಿ, ಬದಲಿಸಿದ ರೊಟ್ಟಿಯೆಲ್ಲ ಅಂಗಡಿ ಖರ್ಚು ಅಂತ ಮಾಡಿದೆವು. ಒಬ್ಬೊಬ್ಬ ಹುಡುಗ ದಿನಕ್ಕೆ 100 ರೂಪಾಯಿವರೆಗೆ ಯಾರನ್ನೂ ಕೇಳದೆ ಬದಲಿಸಬಹುದು. ಇದು ನನ್ನ ಸ್ವಂತ ಬುದ್ಧಿ ಅಲ್ಲ. ರಿಟ್ಜ್ ಕಾರ್ಲ್‌ಟನ್ ಹೋಟೆಲಿನವರು ತಮ್ಮ ಮಾತನ್ನು ಕಾರ್ಡಿನಲ್ಲಿ ಅಚ್ಚು ಹಾಕಿಸಿ ಕೆಲಸದವರ ಜೇಬಿಗೆ ಕೊಟ್ಟಿದ್ದು ಎಲ್ಲರಿಗೂ ಗೊತ್ತು. ಜೊತೆಗೆ ಒಬ್ಬ ಅತಿಥಿಯ ತೊಂದರೆ ಸರಿಪಡಿಸಲು ಮ್ಯಾನೇಜರನ್ನು ಕೇಳದೆ 2000 ಡಾಲರ್‌ವರೆಗೆ ಖರ್ಚು ಮಾಡುವ ಅಧಿಕಾರವನ್ನೂ ಕೊಟ್ಟಿದ್ದಾರೆ. ಜನ ಕಾರ್ಡನ್ನು ನಕಲು ಮಾಡುತ್ತಾರೆ, ಅಧಿಕಾರವನ್ನು ಬಿಟ್ಟುಬಿಡುತ್ತಾರೆ. ನಮಗೆ ಬಿದ್ದ ಖರ್ಚು ಹೆಚ್ಚೇನೂ ಇಲ್ಲ. ಎರಡೂ ಕಡೆ ಸೇರಿ ದಿನಕ್ಕೆ ಎಂಟು ರೊಟ್ಟಿ, ಒಂದಕ್ಕೆ ಎಂಟು ರೂಪಾಯಿ ಖರ್ಚು. ತಿಂಗಳಿಗೆ 2000 ರೂಪಾಯಿಯ ಒಳಗೇ ಮುಗಿಯಿತು.

ಸಾಲು ಬರೆಯುವಾಗ ಇದನ್ನೂ ನೋಡಿಕೊಳ್ಳಿ: ಅದನ್ನು ಪಾಲಿಸಲು ಹುಡುಗ ಇನ್ಯಾವುದನ್ನು ಕೆಡಿಸಬಹುದು? ಡಾಮಿನೋಸ್ ಅಮೆರಿಕದಲ್ಲಿ 30 ನಿಮಿಷದಲ್ಲಿ ಪಿಜ್ಜಾ ಮನೆಗೆ ಮುಟ್ಟಿಸುವ ಗ್ಯಾರಂಟಿ ಕೊಡುತ್ತಿತ್ತು. ಗಿರಾಕಿಗೂ ಹುಡುಗರಿಗೂ ಬಾಯಿಪಾಠ ಆಗಿದ್ದ ಮಾತು ಅದು. ಆದರೆ ಗಾಡಿಯವರು ಅವಸರದಲ್ಲಿ ಅಪಘಾತ ಮಾಡುತ್ತಾರೆ ಅಂತ ಕೋರ್ಟ್ ಕೇಸುಗಳಾಗಿ 1993ರಲ್ಲಿ ಅದನ್ನು ಕೈಬಿಟ್ಟರು. ನಮ್ಮಲ್ಲೂ "ಹತ್ತು ನಿಮಿಷದಲ್ಲಿ ಊಟ" ಅಂತ ಒಂದು ಸಾಲು ಬರುವುದಿತ್ತು. ಬಂದಿದ್ದರೆ ಅಕ್ಕಂದಿರು ಹಸಿ ರೊಟ್ಟಿ ಇಳಿಸುತ್ತಿದ್ದರು.

ಬಾಯಿಪಾಠದ ವಿಷಯ ಜಾಸ್ತಿ ಹೇಳುವುದಿಲ್ಲ. ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ಶಾಲೆ ಪ್ರಾರ್ಥನೆ ಥರ ಹೇಳಿಸಬೇಡಿ. ನಾವು ಒಂದು ತಿಂಗಳು ಮಾಡಿ ಬಿಟ್ಟೆವು. ಈಗ ರಶ್ ಶುರುವಾಗುವ ಮುಂಚೆ ಐದು ನಿಮಿಷ ಎಲ್ಲರೂ ಒಲೆ ಹತ್ತಿರ ಸೇರುತ್ತಾರೆ. ಒಬ್ಬ ಒಂದು ಸಾಲು ಹೇಳಿ, ನಿನ್ನೆ ಅದು ಎಲ್ಲಿ ತಪ್ಪಿತು ಅಂತ ಹೇಳುತ್ತಾನೆ. ಬೈಗುಳ ಇಲ್ಲ. ಸಾಲು ಬರೆದಿರುವುದು ಒಳಗೆ, ಕೈ ತೊಳೆಯುವ ನಲ್ಲಿಯ ಮೇಲೆ. ಗಿರಾಕಿಗೆ ಕಾಣುವ ಗೋಡೆಗೆ ಬೇಕೆಂದೇ ಹಾಕಲಿಲ್ಲ. ಓದಿಸಿದರೆ ಓದಿದ್ದನ್ನೇ ತಿರುಗಿ ಹೇಳುತ್ತಾರೆ, ಕಂಡದ್ದು ಏನು ಅಂತ ಗೊತ್ತಾಗುವುದಿಲ್ಲ.

ಶರಣಬಸವೇಶ್ವರ ಜಾತ್ರೆ ದಿನ ಪರೀಕ್ಷೆ ಆಯಿತು. ಆ ಜನಸಂದಣಿಯಲ್ಲಿ ಮೊದಲ ರೊಟ್ಟಿ ಬಿಸಿ ಕೊಡುವುದು ಆಗದ ಮಾತು. ನಾವು ಏನು ಮಾಡೋಣ ಅಂತ ಯೋಚಿಸುವಷ್ಟರಲ್ಲಿ ಬಸ್ ಸ್ಟ್ಯಾಂಡ್ ಕಡೆಯ ಹುಡುಗರು ಬಾಗಿಲಿಗೆ ರಟ್ಟು ಕಟ್ಟಿದ್ದರು. "ಇವತ್ತು ಜಾತ್ರಿ. ರೊಟ್ಟಿ ಮೊದ್ಲೇ ಬಡಿದಿಟ್ಟದ್ದು." ಮೊದಲ ಸಾಲು ಮುರಿಯುವ ದಿನ ಎರಡನೇ ಸಾಲು ಹಿಡಿದುಕೊಂಡರು. ಯಾರೂ ಹೇಳಿಕೊಟ್ಟಿರಲಿಲ್ಲ. ಓದಿ ವಾಪಸ್ ಹೋದವರೂ ಇದ್ದರು, ಅದು ಬೇರೆ ಮಾತು.

ಗಿರಾಕಿಗೆ ಗೊತ್ತಾಗಿದೆ ಅಂತ ನನಗೆ ತಿಳಿದದ್ದು ನಾಲ್ಕನೇ ತಿಂಗಳಿಗೆ. ದಿನಾ ಬರುವ ಒಬ್ಬರು ಹೊಸಬನನ್ನು ಕರೆತಂದಿದ್ದರು. ಗಲ್ಲಾದಲ್ಲಿ ಕೂತಿದ್ದೆ, ಕಿವಿಗೆ ಬಿತ್ತು: "ಆರಿದ್ರ ಹೇಳು ತಮ್ಮಾ, ಇಲ್ಲಿ ಸುಮ್ನ ಬ್ಯಾರೆ ಕೊಡ್ತಾರ." ನಮ್ಮ ಸಾಲಿನ ಒಂದು ಪದವೂ ಅವರಿಗೆ ಗೊತ್ತಿರಲಿಲ್ಲ.

ನಿಮ್ಮ ಬೇಕರಿಗೆ ಬಂದರೆ, ನನ್ನ ಊಹೆ, ಗೊಣಗಾಟ ನಿನ್ನೆಯ ಮಾಲಿನ ಬಗ್ಗೆಯೇ ಇರುತ್ತದೆ. "ನಿನ್ನೆದಿದ್ರ ನಿನ್ನೆದು ಅಂತ ಹೇಳೇ ಕೊಡ್ತೀವಿ" ಅನ್ನುವಂಥ ಸಾಲು ಬರಬಹುದು. ಬರೆಯುವ ಮುಂಚೆ ಎರಡು ವಾರ ರಾತ್ರಿ ಶಟರ್ ಎಳೆಯುವಾಗ ಎಷ್ಟು ಬನ್, ಎಷ್ಟು ಖಾರಿ ಉಳಿಯಿತು ಅಂತ ಎಣಿಸಿ. ಹಾಗೆ ಹೇಳಿ ಕೊಟ್ಟರೆ ಅವುಗಳಲ್ಲಿ ಎಷ್ಟು ಕಡಿಮೆ ಬೆಲೆಗೆ ಹೋಗುತ್ತವೆ, ಎಷ್ಟು ಬಿಸಾಡಬೇಕು, ನೋಡಿ. ಆ ನಷ್ಟ ಅಂಗಡಿ ಹೊರುತ್ತದೋ ಕೌಂಟರ್ ಹುಡುಗನೋ ಅನ್ನುವುದನ್ನು ಗಲ್ಲಾದಲ್ಲಿ ಕೂರುವವರ ಎದುರೇ ತೀರ್ಮಾನ ಮಾಡಿ. ಆಮೇಲೆ ಆ ಸಾಲನ್ನು ಹುಡುಗರ ಬಾಯಲ್ಲೇ ಹೇಳಿಸಿ ಬರೆದುಕೊಳ್ಳಿ.